ಟೊಮೆಟೊ ಇಪ್ಪತ್ತಾರಕ್ಕೇ ನಿಂತಿತ್ತು

ನಮ್ಮ ಭಾವನಿಗೆ ಹಾಸನದಲ್ಲಿ ತರಕಾರಿ, ದಿನಸಿ ಅಂಗಡಿ ಇದೆ. ಬಂದವರೆಲ್ಲ "ಟೊಮೆಟೊ ಎಷ್ಟು?" ಅಂತ ಕೇಳೋದು ಸಾಕಾಗಿ ಗೂಗಲ್ ಶೀಟ್‌ನಲ್ಲಿ ಒಂದು ದರಪಟ್ಟಿ ಮಾಡಿ, ಹಳೇ ಟಿವಿಗೆ ಜೋಡಿಸಿ ಗಲ್ಲಾಪೆಟ್ಟಿಗೆ ಮೇಲೆ ನೇತುಹಾಕಿದರು. ಎಪಿಎಂಸಿ ದರ ಒಂದು ವೆಬ್‌ಪುಟದಿಂದ D2 ಕೋಶಕ್ಕೆ ತಾನಾಗೇ ಬರುತ್ತಿತ್ತು. ಅದು ಕ್ವಿಂಟಲ್ ಲೆಕ್ಕ, ಹಾಗಾಗಿ ನೂರರಿಂದ ಭಾಗಿಸಿ, ಕೂಲಿ, ಆಟೋ, ಕೊಳೆತದ್ದು, ಲಾಭ ಎಲ್ಲ ಸೇರಿ ಶೇಕಡಾ 30 ಏರಿಸಿದ್ದರು.

```
=IFERROR(D2,2000)/100*1.3
=TODAY()
```

ಮೊದಲನೇ ಸಾಲಿನ ಆ 2000 ನೋಡಿ. ಪುಟ ಸಿಗದಿದ್ದರೆ ಟಿವಿ ಮೇಲೆ ಕೆಂಪು ದೋಷ ಕಾಣಬಾರದು, ಗಿರಾಕಿ ಮುಂದೆ ಮರ್ಯಾದೆ ಹೋಗುತ್ತೆ ಅಂತ ಅವತ್ತಿನ ದರವನ್ನೇ ಕೈಯಾರೆ ಬರೆದಿಟ್ಟಿದ್ದರು. ಎರಡನೇ ಸಾಲು ಮೇಲುಗಡೆ ದೊಡ್ಡದಾಗಿ ಕಾಣುವ ತಾರೀಖು.

ಮಳೆಗಾಲ ಶುರುವಾಗೋ ಹೊತ್ತಿಗೆ ಆ ವೆಬ್‌ಪುಟದವರು ಕೋಷ್ಟಕ ಬದಲಿಸಿದರು. D2 ದೋಷ ಕೊಟ್ಟಿತು, ಸೂತ್ರ ಸುಮ್ನೆ 2000 ಎತ್ತಿಕೊಂಡಿತು, ಟಿವಿ "ಇಂದಿನ ದರ: 26" ಅಂತ ನಗುತ್ತಲೇ ಇತ್ತು. ದರ ಹಳೇದು, ತಾರೀಖು ಮಾತ್ರ ದಿನಾ ಬೆಳಿಗ್ಗೆ ಹೊಸದು! TODAY() ಹೇಳೋದು ಇವತ್ತು ಯಾವ ದಿನ ಅಂತ, ದರ ಯಾವ ದಿನದ್ದು ಅಂತ ಅಲ್ವಲ್ಲ.

ಮಂಡಿಯಲ್ಲಿ ದರ ಕ್ವಿಂಟಲ್‌ಗೆ 4500 ಮುಟ್ಟಿತ್ತು. ಮಾಲು ಆಟೋದಲ್ಲಿ ಬಂದು ಬೀಳುತ್ತಿತ್ತು, ಬಿಲ್ಲು ಬರೋದು ಶನಿವಾರ. ಭಾವನಿಗೆ ಗೊತ್ತಾಗಲಿಲ್ಲ, ಎದುರಿನ ಹೋಟೆಲಿನವರಿಗೆ ಬೇಗ ಗೊತ್ತಾಯಿತು. ಅವರು ದಿನಾ ಎರಡು ಕ್ರೇಟ್ ಒಯ್ಯತೊಡಗಿದರು, ಬಾಯಿ ಬಿಡದೆ. "ವ್ಯಾಪಾರ ಭರ್ಜರಿ ಕಣೇ" ಅಂತ ಭಾವ ಅಕ್ಕನ ಹತ್ತಿರ ಜಂಬ ಬೇರೆ.

ಅಕ್ಕ ಟಿವಿ ನೋಡಿ, "ರೀ, ಅಕ್ಕಿ ದರವೇ ವಾರಕ್ಕೊಂದು ಸಲ ಅಲುಗಾಡುತ್ತೆ, ಟೊಮೆಟೊ ಒಂದು ರೂಪಾಯಿನೂ ಕದಲಿಲ್ಲ ಅಂದ್ರೆ ಅದು ಟೊಮೆಟೊನಾ, ಗೋಡೆ ಗಡಿಯಾರನಾ?" ಅಂದಳು. ಶನಿವಾರ ಬಿಲ್ಲು ಬಂತು. ಕಿಲೋಗೆ 19 ರೂಪಾಯಿ ಅಸಲಿನಲ್ಲೇ ಖೋತಾ, ಕೂಲಿ ಆಟೋ ಬಿಟ್ಟು.

ಆಮೇಲೆ ಭಾವ ದರದ ಜೊತೆಗೆ ಎಪಿಎಂಸಿ ಪುಟದಲ್ಲೇ ಇರುವ ತಾರೀಖನ್ನೂ C2ಗೆ ತರಿಸಿದರು:

```
=IFERROR(IF(TODAY()-C2>1,"ದರ ಕೇಳಿ",D2/100*1.3),"ದರ ಕೇಳಿ")
```

ದರ ಎರಡು ದಿನ ಹಳತಾದರೆ, ಅಥವಾ ಬರದೇ ಹೋದರೆ, ಟಿವಿ ಅಂಕಿ ಹೇಳೋದಿಲ್ಲ. ಮಂಡಿಗೆ ಭಾನುವಾರ ರಜಾ, ಹಾಗಾಗಿ ಸೋಮವಾರ ಬೆಳಿಗ್ಗೆ ಶನಿವಾರದ ದರವೇ ಇದ್ದು ಪರದೆ ತುಂಬ "ದರ ಕೇಳಿ", "ದರ ಕೇಳಿ". ಮಂಡಿಗೆ ಫೋನ್ ಮಾಡಿ ಕೇಳಿಯೇ ಹೇಳಬೇಕು. ಭಾವನಿಗೆ ಈಗ ಅದರಲ್ಲಿ ಬೇಜಾರಿಲ್ಲ.

ಬೇಜಾರಿರೋದು ಹೋಟೆಲಿನವರಿಗೆ. ಮೊನ್ನೆ ಪರದೆ ನೋಡಿ, "ಅಣ್ಣಾ, ಹಳೇ ಸಾಫ್ಟ್‌ವೇರೇ ಚೆನ್ನಾಗಿತ್ತು, ಇದ್ಯಾಕೆ ಬದಲಿಸಿದ್ರಿ?" ಅಂದರಂತೆ.