ಮುತ್ತು ಕಟ್ಟೋದನ್ನ 1934ರ ಕಾಯ್ದೆ ನಿಲ್ಲಿಸ್ತಾ? ಪರ-ವಿರೋಧ

ಪರ: ಬೆಳಗಾವಿಯ ಒಬ್ಬ ವಕೀಲರು

ಪರವಾಗಿ ಬರೀರಿ ಅಂದಾರ, ಬರೀತೀನಿ. ಮುತ್ತು ಕಟ್ಟೋದಂದ್ರ ಹುಡುಗಿ ಕೊರಳಿಗೆ ಮಣಿ ಸರ ಕಟ್ಟಿ ದೇವರಿಗೆ ಬಿಡೋದು, ದೇವದಾಸಿ ಮಾಡೋದು. ಆಗ ಬೆಳಗಾವಿ, ವಿಜಾಪುರ ಎರಡೂ ಮುಂಬೈ ಪ್ರಾಂತ್ಯದಾಗ ಇದ್ವು, ಬಾಗಲಕೋಟೆ ವಿಜಾಪುರದೊಳಗ ಇತ್ತು, ಹಂಗಾಗಿ 1934ರ ಮುಂಬೈ ದೇವದಾಸಿ ಸಂರಕ್ಷಣಾ ಕಾಯ್ದೆ ನಮಗೂ ಲಾಗೂ ಆಯ್ತು. ಹುಡುಗಿ ಒಪ್ಪಲಿ ಬಿಡಲಿ, ದೇವರಿಗೆ ಬಿಡೋದು ಅಪರಾಧ. ಬಿಟ್ಟವರಿಗೆ ಒಂದು ವರ್ಷದ ತನಕ ಜೈಲು, ಇಲ್ಲಾ ದಂಡ, ಇಲ್ಲಾ ಎರಡೂ. ಆದ್ರ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಗಳಿಗೆ ಶಿಕ್ಷೆ ಇಲ್ಲ, ಆಕಿ ಮುಂದ ಲಗ್ನ ಆದ್ರ ಅದು ಕಾಯದೆಶೀರ, ಮಕ್ಕಳಿಗೂ ಹಕ್ಕು. ಮದ್ರಾಸಿನವರು ಇಂಥಾ ಕಾಯ್ದೆ ತಂದಿದ್ದು 1947ಕ್ಕ. ಎಲ್ಲಾ ಜಾತಿಯ ಹಿಂದೂಗಳಿಗೂ ಗುಡಿ ಬಾಗಿಲು ತೆರೆದ ತಿರುವಾಂಕೂರಿನ ದೇವಸ್ಥಾನ ಪ್ರವೇಶದ ಘೋಷಣೆನೂ 1936ರದು, ನಮ್ಮ ಕಾಯ್ದೆ ಅದಕ್ಕಿಂತ ಮೊದಲಿಂದು. ಕಾಯ್ದೆ ಇಲ್ಲದಿದ್ರ ತಡೀಬೇಕಂದವರ ಕೈಯಾಗ ಏನಿತ್ತು?

ವಿರೋಧ: ಬಾಗಲಕೋಟೆ ಕಡೆಯ ಒಬ್ಬ ಶಾಲಾ ಶಿಕ್ಷಕಿ

ವಕೀಲರಿಗೆ ಕಲಮು ಓದಿದ್ರ ಸಾಕು, ಮುತ್ತು ಹರಿದು ಬೀಳ್ತಾವ ಅನ್ನೋ ನಂಬಿಕಿ. ನಮ್ಮಜ್ಜಿ ಅಕ್ಕ, ನಾವು ದೊಡ್ಡವ್ವ ಅಂತಿದ್ವಿ, ಆಕಿಗೆ ಮುತ್ತು ಕಟ್ಟಿದ್ದು ಆ ಕಾಯ್ದೆ ಬಂದು ಏಳೆಂಟು ವರ್ಷದ ಮ್ಯಾಲೆ. ಮನ್ಯಾಗ ಗಂಡುಮಕ್ಕಳಿರಲಿಲ್ಲ, ಎರಡು ಎಕರೆ ಹೊಲ ಇತ್ತು. ಮಗಳು ಲಗ್ನ ಆಗಿ ಹ್ವಾದ್ರ ಹೊಲ ಅಣ್ತಮಂದಿರ ಪಾಲಾಕ್ಕೈತಿ ಅಂತ ಮುತ್ತಜ್ಜಗ ಅಂಜಿಕಿ, ದೇವರಿಗೆ ಬಿಟ್ರ ಆಕಿ ಮನ್ಯಾಗೇ ಇರ್ತಾಳ, ಮಗನ ಜಾಗದಾಗ ನಿಂತು ಹೊಲ ಮಾಡ್ತಾಳ, ತಂದಿತಾಯಿನ್ನ ಸಾಕ್ತಾಳ ಅನ್ನೋ ಲೆಕ್ಕ. ಆ ಹೊಲದ ಪ್ರಶ್ನೆಗೆ 1934ರ ಕಾಯ್ದಿ ಒಳಗ ಉತ್ತರ ಎಲ್ಲೈತಿ? ಲಗ್ನಕ್ಕ ಮಾನ್ಯತೆ ಕೊಟ್ಟೀವಿ ಅಂತಾರ, ಆಕಿನ್ನ ಲಗ್ನ ಆಗವರು ಯಾರು ಅಂತ ಯಾರೂ ಕೇಳಲಿಲ್ಲ.

ದೇವಸ್ಥಾನ ಪ್ರವೇಶದ ಜೋಡಿ ಇದನ್ನ ಹೋಲಿಸಬ್ಯಾಡ್ರಿ. ಗುಡಿ ಬಾಗಿಲು ಊರ ಮುಂದೈತಿ, ಯಾರನ್ನ ಒಳಗ ಬಿಟ್ರು ಯಾರನ್ನ ತಡದ್ರು ಎಲ್ಲಾರಿಗೂ ಕಾಣ್ತದ, ತಿರುವಾಂಕೂರಿನಾಗ ಮಹಾರಾಜರ ಕೈಯಾಗಿನ ಗುಡಿಗಳಿಗೆ ಒಂದು ಆದೇಶ ಸಾಕಾಯ್ತು. ಮುತ್ತು ಕಟ್ಟೋದು ಹಂಗಲ್ಲ. ಸವದತ್ತಿ ಎಲ್ಲಮ್ಮನ ಗುಡ್ಡದ ಮ್ಯಾಲೆ ಕಾವಲಿದ್ರ ಊರಾಗಿನ ಸಣ್ಣ ಗುಡ್ಯಾಗೋ ಮನ್ಯಾಗೋ ಕಟ್ತಾರ, ಕೆಂಪು-ಬಿಳಿ ಮಣಿ ಸರ, ಉಡಿ ತುಂಬೋದು, ಹತ್ತು ಮಂದಿ ಊಟ, ಆತು. ದೊಡ್ಡವ್ವಗೂ ಹಿಂಗ ಮನ್ಯಾಗೇ ಕಟ್ಟಿದ್ರಂತ, ಆಗ ಆಕಿಗೆ ಹತ್ತು ವರ್ಷ. ದೂರು ಕೊಡಬೇಕಾದವರು ಆ ಊಟಕ್ಕ ಕುಂತ ಬೀಗರು, ಅವರು ಯಾಕ ಕೊಡ್ತಾರ?

ಕಾಯ್ದೆ ಕೆಲಸ ಮಾಡಿದ್ರ 1982ರಾಗ ಕರ್ನಾಟಕ ಇನ್ನೊಂದು ಕಾಯ್ದೆ ತರೋ ಗರಜು ಏನಿತ್ತು? ಅದರಾಗ ಬಿಟ್ಟ ತಂದಿತಾಯಿಗೆ ಐದು ವರ್ಷದ ತನಕ ಜೈಲು ಇಟ್ರು, ಯಾಕಂದ್ರ ಸವದತ್ತಿಗೆ ಮಕ್ಕಳನ್ನ ಬಿಡೋದು ನಿಂತಿರಲೇ ಇಲ್ಲ, ಮುತ್ತು ಕಟ್ಟಿಸಿಕೊಳ್ಳೋರು ಬಹಳಷ್ಟು ದಲಿತ ಕೇರಿಯ ಹುಡುಗ್ಯಾರು. ಪಿತ್ರಾರ್ಜಿತ ಆಸ್ತಿಯಾಗ ಮಗಳಿಗೂ ಮಗನಷ್ಟೇ ಪಾಲು ಅಂತ ನಮ್ಮ ರಾಜ್ಯ ಹೇಳಿದ್ದು 1994ಕ್ಕ. ಅದು ಮೊದಲ ಬಂದಿದ್ರ ಮುತ್ತಜ್ಜನ ಲೆಕ್ಕ ಬ್ಯಾರೇನೇ ಇರ್ತಿತ್ತು ಅಂತ ನನಗ ಅನಸ್ತದ.

ದೊಡ್ಡವ್ವನ ಕೊರಳಾಗ ಮಣಿ ಸರ ಸಾಯೋತನಕ ಇತ್ತು, ಹೊಲನೂ ಸಾಯೋತನಕ ಆಕಿನೇ ಮಾಡಿದ್ಲು. ಈಗ ಉತಾರದಾಗ ಆಕಿ ಮಕ್ಕಳ ಹೆಸರೈತಿ, ಅಪ್ಪನ ಹೆಸರಿನ ಜಾಗದಾಗ ಆಕಿದೇ ಹೆಸರು.