ಸಹೋದ್ಯೋಗಿಯ ತಾಯಿ ತೀರಿಕೊಂಡಾಗ ಜರ್ಮನ್‌ನಲ್ಲಿ ಬರೆಯುವ ನಾಲ್ಕು ಸಾಲು

ಜರ್ಮನಿಯ ಕಚೇರಿಯಲ್ಲಿ ಪಕ್ಕದ ಮೇಜಿನವರ ತಾಯಿ ತೀರಿಕೊಂಡ ಸುದ್ದಿ ಬಂದ ದಿನ, ನಾನು ಮೊದಲು ಬರೆದದ್ದು ನಮ್ಮಲ್ಲಿ ಎಲ್ಲರೂ ಬರೆಯುವ ಮಾತನ್ನೇ: ಅವರ ಆತ್ಮಕ್ಕೆ ಶಾಂತಿ ಸಿಗಲಿ. ಅದನ್ನು ಜರ್ಮನ್‌ಗೆ ತಿರುಗಿಸಿ, ಕಾರ್ಡಿಗೆ ಇಳಿಸುವ ಮೊದಲು ಹಿರಿಯ ಸಹೋದ್ಯೋಗಿಯೊಬ್ಬರಿಗೆ ತೋರಿಸಿದೆ. ಅವರು ಮೆಲ್ಲಗೆ, "ಆ ಮಾತು ಹೋದವರಿಗೆ ಹೇಳುವಂಥದ್ದು, ನೀವು ಬರೆಯಬೇಕಾದ್ದು ಉಳಿದವರಿಗೆ" ಎಂದರು.

ಅಲ್ಲಿ ಸಂತಾಪಕ್ಕೆ ಇರುವ ಪದವೇ ಬೈಲೈಟ್. 'ಬೈ' ಎಂದರೆ ಬಳಿ, 'ಲೈಟ್' ಎಂದರೆ ನೋವು. ಎದುರಿಗೆ ಸಿಕ್ಕಾಗ ಕೈಹಿಡಿದು "ಹೆರ್ತ್ಸ್‌ಲಿಶೆಸ್ ಬೈಲೈಟ್", ಅಂದರೆ ಹೃತ್ಪೂರ್ವಕ ಸಂತಾಪ, ಎಂದರೆ ಸಾಕು. ಬರೆಯುವಾಗ ಮಾತ್ರ ನನಗೆ "ಮೈನ್ ಔಫ್‌ರಿಶ್ಟಿಗೆಸ್ ಬೈಲೈಟ್", ಅಂದರೆ ನನ್ನ ಪ್ರಾಮಾಣಿಕ ಸಂತಾಪ, ಎಂಬುದೇ ಹೆಚ್ಚು ಹಿಡಿಸುತ್ತದೆ. 'ಹೆರ್ತ್ಸ್‌ಲಿಶ್' ಹುಟ್ಟುಹಬ್ಬದ ಶುಭಾಶಯದಲ್ಲೂ ಬರುವ ಪದ.

ಕೊನೆಗೆ ಬಿಳಿ ಕಾರ್ಡಿನಲ್ಲಿ ಕೈಬರಹದಲ್ಲಿ ಬರೆದದ್ದು ಹೀಗಿತ್ತು. 'ಲೀಬೆ ಫ್ರೌ' ಎಂದು ಅವರ ಕುಲನಾಮ, ಅಲ್ಪವಿರಾಮ. ಮುಂದಿನ ಸಾಲು: "ಮಿಟ್ ಗ್ರೋಸರ್ ಬೆಟ್ರೋಫನ್‌ಹೈಟ್ ಹಾಬೆ ಇಶ್ ಫೊಮ್ ಟೋಡ್ ಈರರ್ ಮುಟ್ಟರ್ ಎರ್‌ಫಾರನ್", ನಿಮ್ಮ ತಾಯಿಯ ಸಾವಿನ ಸುದ್ದಿ ತಿಳಿದು ತುಂಬ ನೋವಾಯಿತು. ಬಳಿಕ ಸಂತಾಪದ ಸಾಲು. ನಂತರ, ತಾಯಿಯ ತೋಟದ ಬಗ್ಗೆ ನೀವು ಒಮ್ಮೆ ಹೇಳಿದ್ದು ನೆನಪಿದೆ ಎಂಬ ಒಂದೇ ವಾಕ್ಯ. ಕಾರ್ಡಿನಲ್ಲಿ ನನ್ನದೇ ಎನ್ನಬಹುದಾದ ಮಾತು ಅದೊಂದೇ. ಆಮೇಲೆ "ಇಶ್ ವ್ಯೂನ್ಶೆ ಈನನ್ ಉಂಟ್ ಈರರ್ ಫಮಿಲಿಯೆ ಫೀಲ್ ಕ್ರಾಫ್ಟ್", ನಿಮಗೂ ಕುಟುಂಬಕ್ಕೂ ಶಕ್ತಿ ಸಿಗಲಿ. ಮುಕ್ತಾಯ "ಇನ್ ಶ್ಟಿಲರ್ ಆನ್‌ಟೈಲ್‌ನಾಮೆ", ಮೌನವಾಗಿ ನಿಮ್ಮ ದುಃಖದಲ್ಲಿ ಪಾಲ್ಗೊಳ್ಳುತ್ತ. ದಿನನಿತ್ಯದ ಇ-ಮೇಲಿನ ಕೊನೆಯಲ್ಲಿ ಬರುವ "ಮಿಟ್ ಫ್ರಾಯಿಂಟ್‌ಲಿಶನ್ ಗ್ರ್ಯೂಸನ್" ಇಲ್ಲಿ ಬಂದರೆ ಕಚೇರಿಯ ಸುತ್ತೋಲೆಯಂತೆ ಕಾಣುತ್ತದೆ.

ಎಡವುವುದು ಒಂದು ಅಕ್ಷರದಲ್ಲಿ. 'ಈರರ್' ಪದದ ಮೊದಲಕ್ಷರ ದೊಡ್ಡದಾಗಿದ್ದರೆ 'ನಿಮ್ಮ', ಚಿಕ್ಕದಾಗಿದ್ದರೆ 'ಅವಳ' ಅಥವಾ 'ಅವರ'. ನಿಮ್ಮ ತಾಯಿ ಎನ್ನುವಲ್ಲಿ ಅದು ದೊಡ್ಡದಿರಲೇಬೇಕು. ತಾಯಿಯ ತೋಟ ಎನ್ನುವಾಗ ಬರುವ 'ಈರ್' ಚಿಕ್ಕದೇ ಆಗಬೇಕು. ಅಲ್ಪವಿರಾಮದ ನಂತರದ ಸಾಲು, ನಾಮಪದ ಮೊದಲಾಗದಿದ್ದರೆ, ಚಿಕ್ಕಕ್ಷರದಿಂದಲೇ ಶುರುವಾಗುತ್ತದೆ. ಕಚೇರಿಯಲ್ಲಿ 'ಡು' ಎಂದು ಏಕವಚನದಲ್ಲಿ ಮಾತಾಡುವವರಿಗೆ ದುಃಖದ ಹೊತ್ತಿನಲ್ಲಿ ಗೌರವಕ್ಕೆಂದು 'ನೀವು' ಎಂಬರ್ಥದ 'ಜೀ' ಬಳಸಬಾರದು. ಅದು ದೂರ ಸರಿದಂತಾಗುತ್ತದೆ.

ವಯಸ್ಸೆಷ್ಟು, ಏನಾಗಿತ್ತು ಎಂದು ನಮ್ಮಲ್ಲಿ ಕೇಳುವುದು ಕಾಳಜಿಯೇ. ಅಲ್ಲಿ ಅವರಾಗಿಯೇ ಹೇಳುವವರೆಗೆ ಕಾಯುವುದು ಒಳ್ಳೆಯದು. ದೇವರ ಬಳಿ ಸೇರಿದರು ಎಂಬ ಮಾತನ್ನೂ, ಅವರ ನಂಬಿಕೆ ತಿಳಿಯದಿದ್ದರೆ, ನಾನು ಬರೆಯುವುದಿಲ್ಲ. ಏನಾದರೂ ಬೇಕಿದ್ದರೆ ಹೇಳಿ ಎನ್ನುವ ಬದಲು, ಗುರುವಾರದ ವರದಿಯನ್ನು ನಾನೇ ಮುಗಿಸುತ್ತೇನೆ ಎಂದು ಅವರಿಗೆ ಬೇರೆಯಾಗಿ ತಿಳಿಸಿದೆ. ಕಾರ್ಡಿನಲ್ಲಿ ಕೆಲಸದ ಮಾತು ಬರಲಿಲ್ಲ. ಮರಳಿ ಬಂದ ದಿನ ಅವರು ನನ್ನ ಮೇಜಿನ ಬಳಿ ನಿಂತು ತೋಟದಲ್ಲಿದ್ದ ಸೇಬಿನ ಮರದ ಬಗ್ಗೆ ಹೇಳಿದರು.