ಗುಳೇದಗುಡ್ಡದ ಖಣ ಮತ್ತು ಕೂಲಿ ಲೆಕ್ಕ

"20 ನೇಕಾರರಿಗೆ ತಿಂಗಳಿಗೆ 9,000 ಕೂಲಿ ಕೊಟ್ಟರೆ ವರ್ಷಕ್ಕೆ 21.6 ಲಕ್ಷ ಸಾಮಾಜಿಕ ಪ್ರಭಾವ. ಬಿಸಿನೆಸ್ ಪ್ಲಾನಿನಲ್ಲಿ ಅಷ್ಟು ಬರೆದರೆ ಸಾಕಂತೆ, ಹೌದಾ?"

ಸಾಲದು. ಅದು ನೀವು ಕೊಟ್ಟ ಕೂಲಿ, ಅವರಿಗೆ ಆದ ಲಾಭ ಅಲ್ಲ. ನೀವು ಬರುವ ಮುಂಚೆ ಅವರ ಮಗ್ಗ ಸುಮ್ನೆ ನಿಂತಿತ್ತಾ? ಗುಳೇದಗುಡ್ಡದ ಕುಪ್ಪಸದ ಬಟ್ಟೆ, ಖಣವನ್ನೇ ತಗೊಳ್ಳಿ. 20 ಜನರಲ್ಲಿ 15 ಮಂದಿ ಮೊದಲೇ ಬೇರೆ ಮಾಲೀಕರಿಗೆ ನೇಯ್ದು 7,000 ಗಳಿಸುತ್ತಿದ್ದರು ಅಂದುಕೊಳ್ಳಿ. ಅವರಿಗೆ ಹೆಚ್ಚಿದ್ದು ತಿಂಗಳಿಗೆ 2,000 ಮಾತ್ರ, ವರ್ಷಕ್ಕೆ ಒಟ್ಟು 3.6 ಲಕ್ಷ. ಉಳಿದ ಐವರು ಮಗ್ಗ ಬಿಟ್ಟು ಕೂಲಿಗೆ ಹೋಗಿ 4,000 ತರುತ್ತಿದ್ದರು. ಅವರಿಗೆ ಹೆಚ್ಚಿದ್ದು ತಿಂಗಳಿಗೆ 5,000, ವರ್ಷಕ್ಕೆ ಒಟ್ಟು 3 ಲಕ್ಷ. ಪ್ಲಾನಿನಲ್ಲಿ ಬರೆಯಬೇಕಾದದ್ದು 6.6 ಲಕ್ಷ, 21.6 ಅಲ್ಲ.

ಅದಕ್ಕೇ ಹಳೆಯ ಗಳಿಕೆಯನ್ನು ಮೊದಲ ಸೀರೆ, ಕುಪ್ಪಸದ ಆರ್ಡರ್ ಕೊಡುವ ಮುಂಚೆಯೇ ಬರೆದಿಟ್ಟುಕೊಳ್ಳಬೇಕು. ಕೂಲಿ ಚೀಟಿ, ಪಾಸ್‌ಬುಕ್ ನೋಡಿ. ವರ್ಷದ ನಂತರ ನೆನಪಿನಿಂದ ಕೇಳಿದರೆ ಎಲ್ಲರೂ "ಆಗ ಏನೂ ಇರಲಿಲ್ರೀ" ಅಂತಾರೆ, ನಿಮ್ಮ ಮನಸ್ಸು ನೋಯಿಸಬಾರದಲ್ವಾ!

ಮನೆಯ ಹೆಂಗಸರನ್ನೂ ಕೇಳಿ. ಆರ್ಡರ್ ಜಾಸ್ತಿಯಾದಾಗ ಮಗ್ಗಕ್ಕೆ ಬೇಕಾದ ನೂಲಿನ ಕಂಡಿಕೆ ಸುತ್ತುವ ಕೆಲಸ ಬಹುತೇಕ ಅವರ ಮೇಲೇ ಬೀಳುತ್ತದೆ, ಕೂಲಿ ಇಲ್ಲದೆ. ದಿನಕ್ಕೆ ಎಷ್ಟು ಗಂಟೆ ಹೆಚ್ಚಾಯಿತು ಅಂತ ಬೇರೆ ಸಾಲಿನಲ್ಲಿ ಬರೆಯಿರಿ. ಅದನ್ನು ರೂಪಾಯಿಗೆ ತಿರುಗಿಸಲೇಬೇಕೆಂದಿಲ್ಲ.

ಇನ್ನು, ಈ 6.6 ಲಕ್ಷವನ್ನು ನಿಮ್ಮ ಲಾಭಕ್ಕೆ ಕೂಡಿಸಬೇಡಿ. ಕೂಲಿ ನಿಮ್ಮ ಪುಸ್ತಕದಲ್ಲಿ ಖರ್ಚು. ಹಣದ ಲೆಕ್ಕಕ್ಕೊಂದು ಹಾಳೆ, ಪ್ರಭಾವಕ್ಕೊಂದು ಹಾಳೆ, ಎರಡನ್ನೂ ಪಕ್ಕಪಕ್ಕ ಇಡಿ.